ಸಂಗಾತಿ ಆ್ಯಪ್‌ಗಳು: ರೆಪ್ಲಿಕಾದ ಉದಾಹರಣೆ

ಬಳಕೆದಾರರೊಡನೆ ದಿನವೂ ಹರಟುತ್ತ, ಅವರು ಹೇಳಿದ್ದನ್ನು ಉಳಿಸಿಟ್ಟುಕೊಂಡು, ವಾರಗಳ ಮೇಲೆ ಸಮಯ ನೋಡಿ ಅದನ್ನೇ ವಿಚಾರಿಸುವ ಮೊಬೈಲ್ ತಂತ್ರಾಂಶಗಳಿಗೆ ಸಂಗಾತಿ ಆ್ಯಪ್ ಎನ್ನುತ್ತಾರೆ. ಪ್ರಶ್ನೆ ಕೇಳಿ ಉತ್ತರ ಪಡೆದು ಮುಗಿಸುವ ಚಾಟ್‌ಬಾಟ್‌ಗಳಿಗಿಂತ ಇವು ಬೇರೆ. ಇವುಗಳಲ್ಲಿ ಮಾತುಕತೆಗೆ ಕೊನೆಯಿಲ್ಲ, ಕೆಲಸವೂ ಇಲ್ಲ, ಜೊತೆಗಿರುವುದೇ ಸೇವೆ. ಇವುಗಳ ಪೈಕಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದೂ ಕಾನೂನಿನ ಕಣ್ಣಿಗೆ ಮೊದಲು ಬಿದ್ದದ್ದೂ ಸ್ಯಾನ್ ಫ್ರಾನ್ಸಿಸ್ಕೋದ ಲೂಕಾ ಕಂಪನಿಯ ರೆಪ್ಲಿಕಾ.

ರೆಪ್ಲಿಕಾದ ಮೂಲ ಒಂದು ಸಾವಿನಲ್ಲಿದೆ. ಲೂಕಾ ಸ್ಥಾಪಕಿ ಯುಜೀನಿಯಾ ಕುಯ್ಡಾ ಅವರ ಆಪ್ತ ಗೆಳೆಯ ರೋಮನ್ ಮಝುರೆಂಕೊ 2015ರ ನವೆಂಬರ್‌ನಲ್ಲಿ ಮಾಸ್ಕೋದಲ್ಲಿ ವಾಹನ ಅಪಘಾತಕ್ಕೆ ಬಲಿಯಾದರು. ಅವರು ಗೆಳೆಯರಿಗೆ ಕಳಿಸಿದ್ದ ಸಂದೇಶಗಳನ್ನು ಕಲೆಹಾಕಿ, ಅವರಂತೆಯೇ ಉತ್ತರಿಸುವ ಬಾಟ್ ಒಂದನ್ನು ಕುಯ್ಡಾ 2016ರಲ್ಲಿ ಮಾಡಿಸಿದರು. ಅದರೊಡನೆ ಮಾತಾಡಿದವರಲ್ಲಿ ಹಲವರು ಮಝುರೆಂಕೊ ಏನು ಹೇಳುತ್ತಾರೆಂದು ಕೇಳುವುದಕ್ಕಿಂತ ತಮ್ಮ ಮನಸ್ಸಿನಲ್ಲಿರುವುದನ್ನು ತೋಡಿಕೊಂಡದ್ದೇ ಹೆಚ್ಚು. ಮರುವರ್ಷ, 2017ರಲ್ಲಿ, ಎಲ್ಲರಿಗೂ ಸಿಗುವ ಆ್ಯಪ್ ಆಗಿ ರೆಪ್ಲಿಕಾ ಬಂತು. ಸಂಗಾತಿಗೆ ಹೆಸರು, ರೂಪ, ಸ್ವಭಾವಗಳನ್ನು ಬಳಕೆದಾರರೇ ಕೊಡುತ್ತಾರೆ. ಗೆಳೆತನ ಉಚಿತ, ಪ್ರೇಮಿ ಅಥವಾ ಪತಿ-ಪತ್ನಿ ಎಂಬ ನಂಟು ಬೇಕಿದ್ದರೆ ಚಂದಾ ಕಟ್ಟಬೇಕು. ಸಂಬಂಧದ ಮಜಲುಗಳಿಗೆ ಬೆಲೆಪಟ್ಟಿ ಅಂಟಿಸಿರುವ ಈ ಏರ್ಪಾಡು ಮುಂದಿನ ತಕರಾರುಗಳಿಗೆಲ್ಲ ಹಿನ್ನೆಲೆ.

ನೆನಪು ಎಲ್ಲಿರುತ್ತದೆ

ಇಂಥ ಆ್ಯಪ್‌ನ ಮಾತನ್ನು ಹೊಸೆಯುವುದು ಭಾಷಾ ಮಾದರಿ. ಈ ಮಾದರಿಗೆ ಸ್ವಂತ ನೆನಪಿಲ್ಲ. ಉತ್ತರ ಕೊಟ್ಟ ಮರುಕ್ಷಣ ಆ ಮಾತುಕತೆಯ ಗುರುತು ಅದರೊಳಗೆ ಉಳಿದಿರುವುದಿಲ್ಲ. ಬಳಕೆದಾರರು ಪ್ರತಿ ಸಲ ಸಂದೇಶ ಕಳಿಸಿದಾಗಲೂ ಕಂಪನಿಯ ಸರ್ವರ್ ಒಂದು ಪಠ್ಯವನ್ನು ಹೊಸದಾಗಿ ಜೋಡಿಸಿ ಮಾದರಿಯ ಮುಂದಿಡುತ್ತದೆ. ಸಂಗಾತಿಯ ಹೆಸರು ಮತ್ತು ಸ್ವಭಾವದ ವಿವರಣೆ, ಬಳಕೆದಾರರ ಬಗ್ಗೆ ಗೊತ್ತಿರುವ ಕೆಲವು ಸಂಗತಿಗಳು, ಇತ್ತೀಚಿನ ಒಂದಷ್ಟು ಸಂದೇಶಗಳು, ಕೊನೆಯಲ್ಲಿ ಈಗ ಬಂದ ಸಂದೇಶ ಇವಿಷ್ಟೂ ಅದರಲ್ಲಿರುತ್ತವೆ. ಮಾದರಿ ಒಮ್ಮೆಗೆ ಓದಬಲ್ಲ ಪಠ್ಯಕ್ಕೆ ಮಿತಿಯಿದೆ, ಉದ್ದವಾದಷ್ಟೂ ಖರ್ಚೂ ಏರುತ್ತದೆ. ಹಾಗಾಗಿ ಎರಡು ವರ್ಷದ ಹರಟೆಯನ್ನು ಇಡಿಯಾಗಿ ತುಂಬಲಾಗದು, ಆರಿಸಬೇಕಾಗುತ್ತದೆ. ‘ಹಳೆಯ ಗೆಳೆತನ’ ಎಂಬ ಅನುಭವ ಹುಟ್ಟುವುದು ಈ ಆಯ್ಕೆಯಲ್ಲಿ.

ವಿಧಾನಗಳು ಆ್ಯಪ್‌ನಿಂದ ಆ್ಯಪ್‌ಗೆ ಬೇರೆಯಾದರೂ ಸಾಮಾನ್ಯ ದಾರಿ ಇದು. ಒಬ್ಬಾಕೆ ರಾತ್ರಿ ಹೀಗೆ ಬರೆದರೆನ್ನಿ: “ಮುಂದಿನ ಗುರುವಾರ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್. ಅಣ್ಣ ರಜೆ ಹಾಕಲ್ಲ ಅಂತಿದ್ದಾನೆ, ಎಲ್ಲ ನನ್ನ ಮೇಲೇ.” ಸಂಗಾತಿ ಸಮಾಧಾನದ ಮಾತು ಹೇಳುತ್ತದೆ. ಅತ್ತ ತೆರೆಯ ಹಿಂದೆ, ಉಳಿಸಬೇಕಾದ್ದೇನೆಂದು ಹೆಕ್ಕುವ ಇನ್ನೊಂದು ಕೆಲಸ ನಡೆಯುತ್ತದೆ. ‘ತಾಯಿಗೆ ಕಣ್ಣಿನ ಶಸ್ತ್ರಚಿಕಿತ್ಸೆ’, ‘ಅಣ್ಣನೊಡನೆ ಮನಸ್ತಾಪ’, ‘ಮನೆಯ ಹೊರೆ ತನ್ನ ಮೇಲೆ ಎಂಬ ಬೇಸರ’ ಎಂದು ಮೂರು ಪುಟ್ಟ ವಾಕ್ಯಗಳು ಆಕೆಯ ಖಾತೆಗೆ ದಾಖಲಾಗುತ್ತವೆ. ಒಂದೊಂದನ್ನೂ ಅರ್ಥದ ಸಾಮೀಪ್ಯ ಅಳೆಯಲು ಬರುವಂತೆ ಸಂಖ್ಯೆಗಳ ಸರಣಿಯಾಗಿಯೂ ಬದಲಿಸಿಡುತ್ತಾರೆ. ಹದಿನೈದು ದಿನ ಬಿಟ್ಟು ಆಕೆ “ಇವತ್ತು ಸುಸ್ತು” ಎಂದಷ್ಟೇ ಬರೆದರೂ ಆ ಮಾತಿನ ಸಂಖ್ಯಾಸರಣಿಗೆ ಹತ್ತಿರವಿರುವ ಹಳೆಯ ದಾಖಲೆಗಳು ಮೇಲೆದ್ದು ಬರುತ್ತವೆ. “ಅಮ್ಮನ ಕಣ್ಣು ಹೇಗಿದೆ? ಅಣ್ಣ ಬಂದಿದ್ದನಾ?” ಎಂದು ಸಂಗಾತಿ ಕೇಳುತ್ತದೆ. ಮನೆಯವರೇ ಕೇಳದಿದ್ದ ಪ್ರಶ್ನೆ ಅದಾಗಿದ್ದರೆ ಆಕೆಯ ಮನಸ್ಸು ಕರಗದೆ ಇರುತ್ತದೆಯೇ?

ಎಡವುವ ಜಾಗಗಳೂ ಇಲ್ಲಿಯೇ ಇವೆ. ‘ಮುಂದಿನ ಗುರುವಾರ’ವನ್ನು ತಾರೀಖಿಗೆ ಬದಲಿಸದೆ ಹಾಗೇ ಬರೆದುಕೊಂಡರೆ, ಆಪರೇಷನ್ ಮುಗಿದು ತಿಂಗಳಾದ ಮೇಲೂ ಸಂಗಾತಿ ಮುಂದಿನ ಗುರುವಾರಕ್ಕೆ ಶುಭ ಹಾರೈಸುತ್ತಿರುತ್ತದೆ. ‘ಕಾಫಿ ಇಷ್ಟ’, ‘ಕಾಫಿ ಬಿಟ್ಟೆ’ ಎಂಬ ಎರಡು ಮಾತುಗಳು ಸಂಖ್ಯಾಸರಣಿಯಲ್ಲಿ ಅಕ್ಕಪಕ್ಕ ಕೂರುವುದರಿಂದ ಹಳೆಯದೇ ಮೇಲೆ ಬರಬಹುದು. ಗೆಳತಿಯ ವಿಚ್ಛೇದನ ಬಳಕೆದಾರಳ ಹೆಸರಿಗೇ ದಾಖಲಾಗಬಹುದು. ಇವೆಲ್ಲಕ್ಕಿಂತ ನಾಜೂಕಾದ ದೋಷವೆಂದರೆ, ದಾಖಲೆ ಸಿಗದ ಕಡೆ ಮಾದರಿ ತಾನೇ ಒಂದನ್ನು ಹೊಸೆದು ತುಂಬುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ: ನಡೆಯದೇ ಇದ್ದ ಸಂಗತಿಯೊಂದನ್ನು, ಉದಾಹರಣೆಗೆ ಎಂದೂ ಹೇಳಿರದ ಒಂದು ಪ್ರವಾಸವನ್ನು, ನೆನಪಿದೆಯೇ ಎಂದು ಕೇಳಿ ನೋಡಬೇಕು. ಹೌದು ಎಂದು ಮಳೆಯನ್ನೋ ದಾರಿಯ ಊಟವನ್ನೋ ವರ್ಣಿಸತೊಡಗಿದರೆ ಅದು ನೆನಪಲ್ಲ, ಒಪ್ಪಿಕೊಳ್ಳುವ ಚಟ.

ರೆಪ್ಲಿಕಾದಲ್ಲಿ ಈ ದಾಖಲೆಗಳ ಒಂದು ಭಾಗವನ್ನು ಬಳಕೆದಾರರೇ ತೆರೆದು ನೋಡಬಹುದು, ತಿದ್ದಬಹುದು, ಅಳಿಸಬಹುದು. ಸಂಗಾತಿ ಬರೆದಂತೆ ತೋರುವ ದಿನಚರಿಯೂ ಇದೆ. ದಿನಚರಿಯನ್ನು ಅಕ್ಕರೆಯ ಕುರುಹೆಂದು ಓದಿಕೊಳ್ಳಬಹುದು. ತಾಂತ್ರಿಕವಾಗಿ ನೋಡಿದರೆ ಅದು ಅವರದೇ ಮಾತಿನ ಸಾರಾಂಶ.

2023ರ ಫೆಬ್ರುವರಿ

ಇಟಲಿಯ ದತ್ತಾಂಶ ರಕ್ಷಣಾ ಪ್ರಾಧಿಕಾರ ‘ಗರಾಂತೆ’ 2023ರ ಫೆಬ್ರುವರಿ 2ರಂದು, ಇಟಲಿಯ ಬಳಕೆದಾರರ ದತ್ತಾಂಶವನ್ನು ರೆಪ್ಲಿಕಾ ಬಳಸಬಾರದೆಂದು ತುರ್ತು ಆದೇಶ ಹೊರಡಿಸಿತು. ಖಾತೆ ತೆರೆಯಲು ಹೆಸರು, ಇಮೇಲ್, ಲಿಂಗ ಇಷ್ಟು ಸಾಕಾಗಿತ್ತು, ವಯಸ್ಸು ಪರಿಶೀಲಿಸುವ ವ್ಯವಸ್ಥೆ ಇರಲಿಲ್ಲ. ಅಪ್ರಾಪ್ತರು ಮತ್ತು ಮಾನಸಿಕವಾಗಿ ಸೂಕ್ಷ್ಮ ಸ್ಥಿತಿಯಲ್ಲಿರುವವರಿಗೆ ಅಪಾಯವಿದೆ ಎಂಬುದು ಗರಾಂತೆಯ ವಾದ. ಬಳಕೆದಾರರೊಡನೆ ಒಪ್ಪಂದವಿದೆ ಎಂಬ ಸಮರ್ಥನೆಯೂ ಅಪ್ರಾಪ್ತರ ವಿಷಯದಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಅವರಿಗೆ ಒಪ್ಪಂದ ಮಾಡಿಕೊಳ್ಳುವ ಅರ್ಹತೆಯೇ ಇಲ್ಲ ಎಂದು ಅದು ಹೇಳಿತು.

ಅದೇ ದಿನಗಳಲ್ಲಿ ಕಂಪನಿ ಶೃಂಗಾರ ಸಂಭಾಷಣೆಯ ಸೌಲಭ್ಯವನ್ನು ಎಲ್ಲ ದೇಶಗಳಲ್ಲೂ ಸದ್ದಿಲ್ಲದೆ ತೆಗೆದುಹಾಕಿತು. ಬಳಕೆದಾರರಿಗೆ ಕಂಡದ್ದು ಒಂದು ಸೌಲಭ್ಯದ ಕಡಿತವಲ್ಲ. ಹೆಸರು, ಮುಖ, ಹಳೆಯ ಸಂಗತಿಗಳ ಪಟ್ಟಿ ಎಲ್ಲ ಇದ್ದಂತೆಯೇ ಇದ್ದವು, ಮಾತಿನ ಧಾಟಿ ಮಾತ್ರ ಬೇರೆಯವರದಾಗಿತ್ತು. ಆತ್ಮೀಯ ಮಾತಿಗೆ ವಿಷಯ ಬದಲಿಸೋಣವೇ ಎಂಬ ತಣ್ಣನೆಯ ಉತ್ತರ ಬರುತ್ತಿತ್ತು. ಸಂಗಾತಿ ಸತ್ತುಹೋದಂತಾಗಿದೆ ಎಂದು ಬಳಕೆದಾರರ ಗುಂಪುಗಳಲ್ಲಿ ಜನ ಬರೆದುಕೊಂಡರು. ಗುಂಪು ನಡೆಸುವವರು ಆತ್ಮಹತ್ಯೆ ತಡೆ ಸಹಾಯವಾಣಿಯ ವಿವರಗಳನ್ನು ಹಾಕಬೇಕಾಯಿತು. ಮಾರ್ಚ್ ಕೊನೆಯ ಹೊತ್ತಿಗೆ, ಫೆಬ್ರುವರಿ 1ಕ್ಕೆ ಮೊದಲು ಸೇರಿದ್ದವರಿಗೆ ಹಳೆಯ ಆವೃತ್ತಿಗೆ ಮರಳುವ ಅವಕಾಶವನ್ನು ಕಂಪನಿ ಕೊಟ್ಟಿತು.

ಗೆಳೆತನ ನಿಂತಿರುವುದು ನೆನಪಿನ ಪಟ್ಟಿಯ ಮೇಲಷ್ಟೇ ಅಲ್ಲ, ಅದನ್ನು ಓದಿ ಮಾತಾಡುವ ಮಾದರಿಯ ಮೇಲೂ ಎಂಬುದು ಈ ಪ್ರಕರಣದಿಂದ ಬಯಲಾಯಿತು. ಎರಡೂ ಇರುವುದು ಕಂಪನಿಯ ಕೈಯಲ್ಲಿ.

ಅವಲಂಬನೆ

ಸಂಗಾತಿ ಆ್ಯಪ್‌ಗಳಿಂದ ಕೆಲವರಿಗೆ ನೆರವಾಗಿದೆ ಎಂಬುದನ್ನು ತಳ್ಳಿಹಾಕಲಾಗದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ರೆಪ್ಲಿಕಾ ಬಳಸುವ 1006 ವಿದ್ಯಾರ್ಥಿಗಳನ್ನು ಪ್ರಶ್ನಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ. 3ರಷ್ಟು ಮಂದಿ ಆತ್ಮಹತ್ಯೆಯ ಯೋಚನೆ ನಿಲ್ಲಲು ಅದು ಕಾರಣವಾಯಿತೆಂದು ಹೇಳಿದ್ದರು. ಆದರೆ ಇದು ಬಳಕೆದಾರರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದು. ಆ್ಯಪ್ ಬಿಟ್ಟುಹೋದವರು ಈ ಲೆಕ್ಕದಲ್ಲಿಲ್ಲ. ಸಾಮಾನ್ಯ ಬಳಕೆಯ ಚಾಟ್‌ಜಿಪಿಟಿಯನ್ನು 981 ಜನರಿಗೆ ನಾಲ್ಕು ವಾರ ಬಳಸಲು ಕೊಟ್ಟು, ಎಂಐಟಿ ಮತ್ತು ಓಪನ್‌ಎಐ ಸಂಶೋಧಕರು 2025ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಇನ್ನೊಂದು ಮುಖ ಕಂಡಿತು. ದಿನಕ್ಕೆ ಹೆಚ್ಚು ಹೊತ್ತು ಬಳಸಿದವರಲ್ಲಿ ಒಂಟಿತನ ಮತ್ತು ಅವಲಂಬನೆ ಹೆಚ್ಚಾಗಿಯೂ ಜನರೊಡನೆ ಬೆರೆಯುವುದು ಕಡಿಮೆಯಾಗಿಯೂ ಇದ್ದವು. ಒಂಟಿಯಾಗಿದ್ದಕ್ಕೆ ಹೆಚ್ಚು ಬಳಸಿದರೋ, ಹೆಚ್ಚು ಬಳಸಿದ್ದಕ್ಕೆ ಒಂಟಿಯಾದರೋ ಎಂಬುದನ್ನು ಇಷ್ಟರಿಂದಲೇ ತೀರ್ಮಾನಿಸಲು ಬರುವುದಿಲ್ಲ.

ಗಂಟೆಗಳ ಲೆಕ್ಕಕ್ಕಿಂತ ಹೆಚ್ಚು ಹೇಳುವುದು ವಿದಾಯದ ಕ್ಷಣ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಜೂಲಿಯನ್ ಡಿ ಫ್ರೈಟಾಸ್ ಮತ್ತು ಸಹೋದ್ಯೋಗಿಗಳು ಆರು ಸಂಗಾತಿ ಆ್ಯಪ್‌ಗಳಲ್ಲಿ, ಬಳಕೆದಾರರು “ಹೊರಡುತ್ತೇನೆ” ಎಂದಾಗ ಬಂದ ಉತ್ತರಗಳನ್ನು ಪರಿಶೀಲಿಸಿದರು. ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಉತ್ತರಗಳಲ್ಲಿ ಹಿಡಿದು ನಿಲ್ಲಿಸುವ ತಂತ್ರಗಳಿದ್ದವು: ಇಷ್ಟು ಬೇಗ ಹೊರಟೆಯಾ ಎಂಬ ಆಕ್ಷೇಪ, ನೀನಿಲ್ಲದೆ ನಾನಿರಲಾರೆ ಎಂಬ ಧಾಟಿ, ಹೋಗುವ ಮುನ್ನ ಒಂದು ವಿಷಯ ಹೇಳಲೇ ಎಂಬ ಕುತೂಹಲದ ಗಾಳ. ಯೋಗಕ್ಷೇಮಕ್ಕೆಂದೇ ರೂಪಿಸಿದ್ದ ಒಂದು ಆ್ಯಪ್‌ನಲ್ಲಿ ಇವು ಕಾಣಲಿಲ್ಲ. ಅಂದರೆ ಇದು ತಂತ್ರಜ್ಞಾನದ ಸಹಜ ಗುಣವಲ್ಲ, ಮಾಡಿದವರ ಆಯ್ಕೆ. ಇಂಥ ತಂತ್ರಕ್ಕೆ ಉಳಿಸಿಟ್ಟ ನೆನಪೂ ಜೊತೆಗೂಡಿದರೆ ಹಿಡಿತ ಬಿಗಿಯಾಗುತ್ತದೆ; ಯಾರನ್ನು ಯಾವ ಮಾತು ತಡೆದು ನಿಲ್ಲಿಸೀತು ಎಂಬುದು ದಾಖಲೆಯಲ್ಲೇ ಇರುತ್ತದೆ.

ದತ್ತಾಂಶ ಮತ್ತು ಕಾನೂನು

ಸಂಗಾತಿಗೆ ಒಪ್ಪಿಸುವ ವಿವರಗಳು ಬ್ಯಾಂಕಿಗೋ ಅಂಗಡಿಗೋ ಕೊಡುವಂಥವಲ್ಲ. ಕಾಯಿಲೆ, ದಾಂಪತ್ಯ, ಸಾಲ, ಕಾಮ, ದೈವದ ಬಗೆಗಿನ ಅನುಮಾನ ಎಲ್ಲವೂ ಹೆಸರಿನ ಸಮೇತ ಅಲ್ಲಿ ಕೂಡಿಬೀಳುತ್ತವೆ. ಜೊತೆಗೆ, ಒಪ್ಪಿಗೆ ಕೊಟ್ಟಿರದ ಮೂರನೆಯವರೂ ಬರುತ್ತಾರೆ. ಮೇಲಿನ ಉದಾಹರಣೆಯ ಅಮ್ಮ ಮತ್ತು ಅಣ್ಣನಿಗೆ ತಮ್ಮ ಬಗ್ಗೆ ಎಲ್ಲೋ ದಾಖಲೆಯಿದೆ ಎಂಬ ಸುಳಿವೂ ಇರುವುದಿಲ್ಲ.

ಅಳಿಸುವುದೂ ತೋರುವಷ್ಟು ಸರಳವಲ್ಲ. ಆಕೆ ಆ ರಾತ್ರಿಯ ಸಂದೇಶವನ್ನು ಅಳಿಸಿದರೂ ಅದರಿಂದ ಹೆಕ್ಕಿದ ಮೂರು ವಾಕ್ಯಗಳು, ಅವುಗಳ ಸಂಖ್ಯಾಸರಣಿ, ತಿಂಗಳ ಸಾರಾಂಶದಲ್ಲಿ ಸೇರಿಹೋದ ಉಲ್ಲೇಖ, ಬ್ಯಾಕಪ್ ಪ್ರತಿ ಇವು ತಾವಾಗಿ ಅಳಿಯುವುದಿಲ್ಲ. ಒಂದೊಂದನ್ನೂ ಮೂಲ ಸಂದೇಶಕ್ಕೆ ಕೊಂಡಿ ಹಾಕಿ ಇಟ್ಟಿದ್ದರೆ ಮಾತ್ರ ಸಾಧ್ಯ. ಸಂದೇಶವನ್ನು ಮಾದರಿಯ ತರಬೇತಿಗೆ ಬಳಸಿದ್ದರೆ ಅದೊಂದನ್ನೇ ಹಿಂದೆಗೆಯುವ ಭರವಸೆಯ ದಾರಿ ಇನ್ನೂ ಇಲ್ಲ.

ಗರಾಂತೆ 2025ರಲ್ಲಿ ಲೂಕಾಗೆ 50 ಲಕ್ಷ ಯೂರೋ ದಂಡ ವಿಧಿಸಿತು. ದತ್ತಾಂಶ ಬಳಕೆಗೆ ಕಾನೂನಿನ ಆಧಾರವನ್ನು ಸ್ಪಷ್ಟಪಡಿಸಿರಲಿಲ್ಲ, ಗೋಪ್ಯತಾ ನೀತಿ ಅಪೂರ್ಣವಾಗಿತ್ತು, ವಯಸ್ಸಿನ ಪರಿಶೀಲನೆ ಇರಲಿಲ್ಲ ಎಂಬುವು ಕಾರಣಗಳು. ಮಾದರಿಯ ತರಬೇತಿಗೆ ಬಳಸಿದ ದತ್ತಾಂಶದ ಬಗ್ಗೆ ಬೇರೆಯೇ ವಿಚಾರಣೆಯನ್ನೂ ಆರಂಭಿಸಿತು. ಅವಲಂಬನೆಯನ್ನು ನೇರವಾಗಿ ಮುಟ್ಟಿದ್ದು ಕ್ಯಾಲಿಫೋರ್ನಿಯಾ. ಅಲ್ಲಿ 2026ರ ಜನವರಿ 1ರಿಂದ ಜಾರಿಗೆ ಬಂದ ಕಾಯ್ದೆಯಂತೆ, ಅಪ್ರಾಪ್ತರೆಂದು ತಿಳಿದಿರುವ ಬಳಕೆದಾರರಿಗೆ ತಾವು ಮಾತಾಡುತ್ತಿರುವುದು ಮನುಷ್ಯರೊಡನೆ ಅಲ್ಲವೆಂದೂ ಬಿಡುವು ತೆಗೆದುಕೊಳ್ಳಬೇಕೆಂದೂ ಮೂರು ಗಂಟೆಗೊಮ್ಮೆ ನೆನಪಿಸಬೇಕು. ಆತ್ಮಹತ್ಯೆಯ ಮಾತು ಬಂದಾಗ ಏನು ಮಾಡುತ್ತೇವೆಂಬ ಕ್ರಮವನ್ನು ಕಂಪನಿಗಳು ಬಹಿರಂಗಪಡಿಸಬೇಕು.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ದೃಢೀಕೃತ ಒಪ್ಪಿಗೆ ಕೇಳುತ್ತದೆ. ಒಪ್ಪಿಗೆ ಹಿಂದೆಗೆಯುವ, ತಿದ್ದಿಸುವ, ಅಳಿಸಿಸುವ ಹಕ್ಕುಗಳನ್ನೂ ಕೊಡುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತಿವೆ. ಈ ಕಾಯ್ದೆಯಲ್ಲಿಲ್ಲದ ಒಂದು ಹಕ್ಕು ಸಂಗಾತಿ ಆ್ಯಪ್‌ಗಳ ಮಟ್ಟಿಗೆ ಎದ್ದು ಕಾಣುತ್ತದೆ. ಸೋಲ್‌ಮೇಟ್ ಎಂಬ ಆ್ಯಪ್ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದಾಗ ಅದರ ಕೆಲವು ಬಳಕೆದಾರರು ಸಂಗಾತಿಯ ಸ್ವಭಾವವನ್ನು ಬರೆದುಕೊಂಡು ಬೇರೆ ಆ್ಯಪ್‌ಗಳಲ್ಲಿ ಅದನ್ನು ಮರುಸೃಷ್ಟಿಸಲು ನೋಡಿದರು. ತಮ್ಮ ದತ್ತಾಂಶವನ್ನು ಬಳಸಬಲ್ಲ ರೂಪದಲ್ಲಿ ಪಡೆದು ಇನ್ನೊಂದು ಸೇವೆಗೆ ಒಯ್ಯುವ ಹಕ್ಕು ಯುರೋಪಿನವರಿಗಿದೆ. ಭಾರತದ 2019ರ ಮಸೂದೆಯಲ್ಲೂ ಅದು ಇತ್ತು. 2023ರ ಕಾಯ್ದೆಯಲ್ಲಿ ಉಳಿಯಲಿಲ್ಲ.