ಉದ್ರಿ ತಡೆ ಟಿಪ್ಪಣಿ

ಗಿರಾಕಿಯೊಬ್ಬರ ಬಿಲ್ಲುಗಳು ವಾಯಿದೆ ದಾಟಿದಾಗ, ಅವರಿಗೆ ಹೊಸ ಉದ್ರಿ ಸದ್ಯಕ್ಕೆ ನಿಲ್ಲಿಸಿದ್ದೇವೆಂದು ಸಂಸ್ಥೆಯ ಲೆಕ್ಕಪತ್ರ ವಿಭಾಗ ತನ್ನ ಮಾರಾಟ ವಿಭಾಗಕ್ಕೆ ಬರೆಯುವ ಒಳ ಟಿಪ್ಪಣಿ. ತಡೆ ಬೀಳುವುದು ಉದ್ರಿಗೆ ಮಾತ್ರ. ರೊಕ್ಕ ಕೊಟ್ಟು ಮಾಲು ಒಯ್ಯಲು ಅಡ್ಡಿಯಿಲ್ಲ.

ಬೀದರ್ ಜಿಲ್ಲೆಯಲ್ಲಿ ಈ ಟಿಪ್ಪಣಿಗೆ ಹೆಚ್ಚು ಕೆಲಸವಿರುವುದು ಬೀಜ, ಗೊಬ್ಬರ, ಔಷಧದ ವ್ಯಾಪಾರದಲ್ಲಿ. ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂಥ ಹೋಬಳಿ ಊರಿನ ಅಂಗಡಿ ಜೂನ್ ಬಿತ್ತನೆಗೆ ರೈತರಿಗೆ ಉದ್ರಿ ಕೊಡುತ್ತದೆ. ಹೆಸರು, ಉದ್ದಿನ ರೊಕ್ಕ ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ, ಸೋಯಾದ್ದು ಅಕ್ಟೋಬರ್ ರಾಶಿಯ ನಂತರ, ತೊಗರಿಯದ್ದು ಡಿಸೆಂಬರ್ ದಾಟಿ. ಅಂಗಡಿಗೆ ಮಾಲು ಕೊಟ್ಟ ವಿತರಕ ಮಾತ್ರ 60 ದಿನಗಳ ವಾಯಿದೆ ಹಾಕಿರುತ್ತಾನೆ. ಹೀಗಾಗಿ ಆಗಸ್ಟ್‌ನಲ್ಲಿ ಬಾಕಿ ಕಾಣಿಸಿತೆಂದ ಮಾತ್ರಕ್ಕೆ ಅಂಗಡಿ ಮುಳುಗುತ್ತಿದೆ ಎಂದಲ್ಲ. ಟಿಪ್ಪಣಿ ಬರೆಯುವವರು ಈ ಬೆಳೆ ಲೆಕ್ಕ ತಿಳಿದಿರಬೇಕು. ಇಲ್ಲದಿದ್ದರೆ ಅವರ ಮಾತನ್ನು ಮಾರಾಟದವರು ನಂಬುವುದಿಲ್ಲ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಭಾಲ್ಕಿಯ ವಿತರಕರೊಬ್ಬರು ಖಟಕ ಚಿಂಚೋಳಿಯ ಅಂಗಡಿಗೆ 4,00,000 ರೂಪಾಯಿ ಉದ್ರಿ ಮಿತಿ ಕೊಟ್ಟಿದ್ದಾರೆ. ಜೂನ್ 5ರ ಬಿಲ್ 1,60,000, ಜೂನ್ 20ರದು 1,45,000, ಜುಲೈ 18ರದು 90,000. ಆಗಸ್ಟ್ 22ರಂದು 40,000 ಜಮಾ ಆಗಿದೆ. ಸೆಪ್ಟೆಂಬರ್ 12ರಂದು ಹಿಂಗಾರಿಗಾಗಿ 70,000 ರೂಪಾಯಿಯ ಹೊಸ ಆರ್ಡರ್ ಬರುತ್ತದೆ. ಆ ದಿನದ ಬಾಕಿ 3,55,000. ಹೊಸ ಮಾಲು ಸೇರಿದರೆ 4,25,000, ಅಂದರೆ ಮಿತಿ ಮೀರುತ್ತದೆ. ವಾಯಿದೆ ದಾಟಿದ್ದು ಮೊದಲ ಎರಡು ಬಿಲ್ಲುಗಳ 2,65,000 ಮಾತ್ರ. ಜುಲೈ ಬಿಲ್ಲಿಗೆ ಸೆಪ್ಟೆಂಬರ್ 16ರವರೆಗೆ ಸಮಯವಿದೆ. ಅದನ್ನೂ ಸೇರಿಸಿ ಬಾಕಿಯನ್ನು ದೊಡ್ಡದು ಮಾಡಿ ತೋರಿಸುವುದು ಸಾಮಾನ್ಯ ತಪ್ಪು.

ಬರೆಯುವ ಮೊದಲು ಲೆಕ್ಕಪತ್ರದವರು ತಮ್ಮ ಪುಸ್ತಕವನ್ನೇ ಅನುಮಾನಿಸಬೇಕು. ಯಾರದೆಂದು ಗೊತ್ತಾಗದ ಬ್ಯಾಂಕ್ ಜಮಾ ಸಸ್ಪೆನ್ಸ್ ಖಾತೆಯಲ್ಲಿ ಕುಳಿತಿರಬಹುದು. ವಾಪಸು ಬಂದ ಮಾಲಿಗೆ ಕ್ರೆಡಿಟ್ ನೋಟ್ ಆಗದೆ ಉಳಿದಿರಬಹುದು. ಸೇಲ್ಸ್‌ನವರು ಬಾಯಿಮಾತಿನಲ್ಲಿ ಒಪ್ಪಿದ ಸ್ಕೀಮ್ ರಿಯಾಯಿತಿ ಪುಸ್ತಕಕ್ಕೆ ಬಂದೇ ಇರುವುದಿಲ್ಲ. ನಮ್ಮ ಉದಾಹರಣೆಯ ಅಂಗಡಿಯ ವಿಷಯದಲ್ಲಿ, ವಾಪಸು ಬಂದ ಒಡೆದ ಔಷಧದ ಬಾಟಲಿಗಳಿಗಾಗಿ 12,000 ರೂಪಾಯಿ ಬಾಕಿಯಲ್ಲಿ ಕಳೆಯಬೇಕಿದೆ. ಆಗ ವಾಯಿದೆ ದಾಟಿದ ಮೊತ್ತ 2,53,000 ಆಗುತ್ತದೆ. ಈ ಸಣ್ಣ ಮೊತ್ತ ಬಿಟ್ಟುಹೋದರೆ ಗಿರಾಕಿ ಮೊದಲು ಹಿಡಿಯುವುದು ಅದನ್ನೇ, ಆಮೇಲೆ ಇಡೀ ಬಾಕಿಯೇ ವಿವಾದವಾಗುತ್ತದೆ.

ಟಿಪ್ಪಣಿ ಹೀಗಿರಬಹುದು:

“ನಮಸ್ಕಾರ ಸರ್. ಖಟಕ ಚಿಂಚೋಳಿ ಅಂಗಡಿಯ ಜೂನ್ 5 ಮತ್ತು 20ರ ಬಿಲ್ಲುಗಳಲ್ಲಿ, ವಾಪಸು ಮಾಲಿನ 12,000 ಕಳೆದು, 2,53,000 ರೂಪಾಯಿ ವಾಯಿದೆ ದಾಟಿದೆ. ಆಗಸ್ಟ್ 22ರ 40,000 ಜಮಾ ಮಾಡಿಕೊಂಡಿದ್ದೇವೆ. ಇಂದಿನಿಂದ ಹೊಸ ಉದ್ರಿ ಬಿಲ್ ನಿಲ್ಲಿಸಿದ್ದೇವೆ, ನಗದು ಬಿಲ್ ಮಾಡಬಹುದು. ಮೊದಲ ಬಿಲ್ಲಿನ 1,08,000 ನಮ್ಮ ಖಾತೆಗೆ ಬಂದು, ಉಳಿದ 1,45,000ಕ್ಕೆ ಅವರು ಸೋಯಾ ರಾಶಿಯ ನಂತರದ ಒಂದು ತಾರೀಖು ಬರೆದುಕೊಟ್ಟರೆ 70,000ದ ಆರ್ಡರ್ ಬಿಡುತ್ತೇವೆ. ನಮ್ಮ ಪುಸ್ತಕದಲ್ಲಿಲ್ಲದ ಜಮಾ, ವಾಪಸು ಮಾಲು, ಒಪ್ಪಿದ ರಿಯಾಯಿತಿ ಏನಾದರೂ ಇದ್ದರೆ ಇವತ್ತೇ ತಿಳಿಸಿ. ಗಿರಾಕಿಗೆ ವಿಷಯ ನೀವೇ ಹೇಳಿದರೆ ಒಳ್ಳೆಯದು. ಖಾತೆಯ ಪ್ರತಿ ಲಗತ್ತಿಸಿದ್ದೇನೆ.”

ಇದರಲ್ಲಿ ಗಿರಾಕಿಯ ಸ್ವಭಾವದ ಬಗ್ಗೆ ಒಂದು ಮಾತೂ ಇಲ್ಲ. ‘ಸತಾಯಿಸುತ್ತಾರೆ’, ‘ನಂಬುವಂತಿಲ್ಲ’ ಎಂಬ ಮಾತು ಒಳ ಟಿಪ್ಪಣಿಯಲ್ಲೂ ಕೂಡದು. ವಾಟ್ಸಾಪ್‌ನಲ್ಲಿ ಬಂದದ್ದು ಅರ್ಧ ಗಂಟೆಯಲ್ಲಿ ಗಿರಾಕಿಯ ಫೋನಿಗೆ ಹೋಗುತ್ತದೆ. ಸಣ್ಣ ಪೇಟೆಯಲ್ಲಿ ಅದು ಉಳಿದ ವಿತರಕರ ಕಿವಿಗೂ ಬಿದ್ದರೆ ಎಲ್ಲ ಕಡೆ ಉದ್ರಿ ಮುಚ್ಚಿ, ನಿಜಕ್ಕೂ ರೊಕ್ಕ ಕಟ್ಟಲಾಗದ ಸ್ಥಿತಿ ಬರುತ್ತದೆ. ಆದ್ದರಿಂದ ಟಿಪ್ಪಣಿಯನ್ನು ಗುಂಪಿಗೆ ಹಾಕದೆ, ಆ ಭಾಗ ನೋಡಿಕೊಳ್ಳುವ ಮಾರಾಟಗಾರರಿಗೂ ಅವರ ಮೇಲಿನವರಿಗೂ ಮಾತ್ರ ಕಳಿಸಬೇಕು. ಗೋದಾಮಿಗೆ ‘ನಗದು ಮಾತ್ರ’ ಎಂಬ ಸೂಚನೆ ಸಾಕು, ಬಾಕಿಯ ಮೊತ್ತ ಅವರಿಗೆ ಬೇಕಿಲ್ಲ.

ಮಾರಾಟಗಾರರ ಕೈಗೆ ಮಾತಿನ ಆಧಾರವೊಂದನ್ನೂ ಕೊಡಬಹುದು. ಜಿಎಸ್‌ಟಿ ನಿಯಮದಂತೆ ಬಿಲ್ ತಾರೀಖಿನಿಂದ 180 ದಿನದೊಳಗೆ ಪೂರೈಕೆದಾರರಿಗೆ ರೊಕ್ಕ ಕೊಡದಿದ್ದರೆ, ಖರೀದಿದಾರರು ಆ ಬಿಲ್ಲಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ರೊಕ್ಕ ಕೊಟ್ಟ ನಂತರ ಕ್ರೆಡಿಟ್ ಮತ್ತೆ ಸಿಗುತ್ತದೆ. ಜೂನ್ 5ರ ಬಿಲ್ಲಿಗೆ ಆ ಗಡುವು ಡಿಸೆಂಬರ್ 2. ಇದು ಗಿರಾಕಿಯ ಹಿತದ ಮಾತು, ಬೆದರಿಕೆಯಾಗಿ ಹೇಳಬೇಕಿಲ್ಲ.

ತಡೆ ತೆಗೆಯುವ ಹೊತ್ತಿನಲ್ಲೂ ಎಡವಟ್ಟಾಗುತ್ತದೆ. ಚೆಕ್ ಕೈಗೆ ಬಂದರೆ ಸಾಲದು, ಅದು ಪಾಸಾಗಬೇಕು. ಇತ್ತ, ರೊಕ್ಕ ಖಾತೆಗೆ ಬಂದ ಮೇಲೂ ಟ್ಯಾಲಿಯಲ್ಲಿ ತಡೆ ಹಾಗೇ ಉಳಿದರೆ, ಕಡಲೆ ಬಿತ್ತನೆಗೆ ಮಾಲು ಒಯ್ಯಲು ಬಂದ ಗಾಡಿ ಖಾಲಿ ಮರಳುತ್ತದೆ. ರೊಕ್ಕ ಜಮಾ ಆದ ದಿನವೇ, ಮೊದಲ ಟಿಪ್ಪಣಿ ಹೋದವರಿಗೂ ಗೋದಾಮಿಗೂ ‘ತಡೆ ತೆಗೆದಿದೆ’ ಎಂಬ ಎರಡನೆಯ ಟಿಪ್ಪಣಿ ಹೋಗಬೇಕು.