ಕುಟುಂಬದ ಆದಾಯ: ಸರಾಸರಿ, ಮಧ್ಯಾಂಕ, ಬಹುಲಕಗಳ ಆಯ್ಕೆ

ಕೆಲವೇ ಮನೆಗಳಲ್ಲಿ ಹೆಚ್ಚು, ಉಳಿದವುಗಳಲ್ಲಿ ಕಡಿಮೆ ಆದಾಯವಿದ್ದಾಗ ಊರಿನ ಸ್ಥಿತಿಯನ್ನು ಒಂದೇ ಅಂಕಿಯಲ್ಲಿ ಹೇಳಲು ಸರಾಸರಿ, ಮಧ್ಯಾಂಕ, ಬಹುಲಕ ಎಂಬ ಮೂರು ಅಳತೆಗಳಿವೆ. ಸರಾಸರಿ ಬಹಳ ಹಳೆಯದು. ಮಧ್ಯಾಂಕಕ್ಕೆ ಫ್ರಾನ್ಸಿನ ಕೂರ್ನೊ 1843ರಲ್ಲಿ, ಬಹುಲಕಕ್ಕೆ ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್ 1895ರಲ್ಲಿ ಹೆಸರು ಕೊಟ್ಟರು. ಭಾರತದ ಆದಾಯದ ಲೆಕ್ಕ ಸರಾಸರಿಯಿಂದಲೇ ಮೊದಲಾಯಿತು. ದಾದಾಭಾಯಿ ನವರೋಜಿ 1867-68ಕ್ಕೆ ತಲಾ 20 ರೂಪಾಯಿ ಎಂದರು, ವಿ.ಕೆ.ಆರ್.ವಿ. ರಾವ್ 1931-32ಕ್ಕೆ 62 ರೂಪಾಯಿ ಎಂದರು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯೂ ಕರ್ನಾಟಕದ ಸರಾಸರಿ ಅಭಿವೃದ್ಧಿಯನ್ನು 1 ಎಂದಿಟ್ಟುಕೊಂಡು 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಈ ವರದಿಯ ಅಂಕಿಗಳು ತಾಲ್ಲೂಕಿಗೂ ತಾಲ್ಲೂಕಿಗೂ ಇರುವ ಅಂತರ ತೋರಿಸುತ್ತವೆ, ಒಂದೇ ಊರಿನ ಮನೆಗಳ ನಡುವಿನದನ್ನಲ್ಲ.

ಪಾವಗಡ ತಾಲ್ಲೂಕಿನ ವಳ್ಳೂರಿನಲ್ಲಿ ಈ ಒಳಗಿನ ಅಂತರವೇ ಮುಖ್ಯ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲುಗಳ ಜೊತೆಗೆ ಇಲ್ಲಿನ ಜಮೀನೂ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕಿಗೆ ಸೇರಿದೆ. ಜಮೀನನ್ನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಲಾಯಿತು. ಹಾಗಾಗಿ ಗುತ್ತಿಗೆ ಹಣ ಎಕರೆಯ ಲೆಕ್ಕದಲ್ಲಿ ಬರುತ್ತದೆ, ಜಮೀನಿಲ್ಲದ ಕೂಲಿಯವರಿಗೆ ಬರುವುದಿಲ್ಲ.

ತರಗತಿಯ ಪ್ರಾಜೆಕ್ಟಿಗೆ ಒಂದು ಕಲ್ಪಿತ ಪಟ್ಟಿ ನೋಡಬಹುದು. 11 ಮನೆಗಳ ವಾರ್ಷಿಕ ಆದಾಯ, ಸಾವಿರ ರೂಪಾಯಿಗಳಲ್ಲಿ: 60, 60, 60, 60, 72, 84, 93, 105, 126, 210, 1,050. ಕೊನೆಯದು 50 ಎಕರೆ ಗುತ್ತಿಗೆಗೆ ಕೊಟ್ಟ ಮನೆ. ಸರಾಸರಿ 1,80,000 ರೂಪಾಯಿ. ಆದರೆ ಒಂಬತ್ತು ಮನೆಗಳ ಆದಾಯ ಅದಕ್ಕಿಂತ ಕಡಿಮೆ. ಆರನೇ ಮನೆಯ 84,000 ಮಧ್ಯಾಂಕ. 50 ಎಕರೆಯ ಮನೆಯನ್ನು ಬಿಟ್ಟು ಎಣಿಸಿದರೆ ಸರಾಸರಿ 93,000ಕ್ಕೆ ಕುಸಿಯುತ್ತದೆ, ಮಧ್ಯಾಂಕ 78,000ಕ್ಕೆ ಮಾತ್ರ ಇಳಿಯುತ್ತದೆ.

ಗೊಂದಲ ಹೆಚ್ಚಿರುವುದು ಬಹುಲಕದಲ್ಲಿ. ಪಟ್ಟಿಯಲ್ಲಿ ಅದು 60,000. ಆದರೆ ಕೂಲಿಯವರು ಆದಾಯವನ್ನು ದುಂಡು ಅಂಕಿಯಲ್ಲಿ ಹೇಳುವುದರಿಂದಲೂ ಒಂದೇ ಸಂಖ್ಯೆ ಮತ್ತೆ ಮತ್ತೆ ಬರಬಹುದು. ವರ್ಗಾಂತರ ಮಾಡಿದರೆ ಅದು ಜಾರುತ್ತದೆ: ಪಠ್ಯದ ಸೂತ್ರದಂತೆ 40ರಿಂದ 80 ಸಾವಿರದ ವರ್ಗದಲ್ಲಿ ಸುಮಾರು 68,600, 50ರಿಂದ 100 ಸಾವಿರದ ವರ್ಗದಲ್ಲಿ ಸುಮಾರು 79,200. ಹತ್ತನೇ ತರಗತಿಯಲ್ಲಿ ಕಲಿಸುವ ‘3 ಮಧ್ಯಾಂಕ = ಬಹುಲಕ + 2 ಸರಾಸರಿ’ ಎಂಬ ಸಂಬಂಧ ಇಲ್ಲಿ ಪೂರ್ತಿ ಕೈಕೊಡುತ್ತದೆ. ಲೆಕ್ಕ ಹಾಕಿದರೆ ಬಹುಲಕ ಸೊನ್ನೆಗಿಂತಲೂ 1,08,000 ರೂಪಾಯಿ ಕೆಳಗೆ ಹೋಗುತ್ತದೆ. ಈ ಪಟ್ಟಿಯ ಯಾವ ಮನೆಯ ಆದಾಯವೂ ಹಾಗಿಲ್ಲ. ಪಿಯರ್ಸನ್ ಕಂಡ ಈ ಸಂಬಂಧ ಸ್ವಲ್ಪವೇ ಓರೆಯಾದ ಹಂಚಿಕೆಗೆ ಹೊಂದುವಂಥದ್ದು. ಪಠ್ಯ ಓದುವವರು ಈ ಮಿತಿಯನ್ನು ಮರೆಯಬಾರದು.

ಊರಿಗೆ ಬಂದ ಒಟ್ಟು ಹಣ ಬೇಕಾದಾಗ ಸರಾಸರಿಯೇ ಸರಿ. ಮನೆಗಳ ಸಂಖ್ಯೆಯಿಂದ ಗುಣಿಸಿದರೆ ಮೊತ್ತ ಸಿಗುತ್ತದೆ. ನಡುವಿನ ಮನೆಯ ಸ್ಥಿತಿ ಹೇಳಬೇಕಿದ್ದರೆ ಮಧ್ಯಾಂಕವನ್ನೇ ಬರೆದು, ಸರಾಸರಿಗಿಂತ ಕೆಳಗೆ ಎಷ್ಟು ಮನೆಗಳಿವೆ ಎಂಬುದನ್ನೂ ಕೊಡಬೇಕು. ಸರ್ಕಾರ ಪ್ರಕಟಿಸುವ ತಲಾ ಆದಾಯದಿಂದ ಮಧ್ಯಾಂಕ ತೆಗೆಯಲು ಬರುವುದಿಲ್ಲ. ಅದಕ್ಕೆ ಮನೆ ಮನೆಯ ಅಂಕಿ ಬೇಕು.