ಇಟ್ಟಿಗೆ ಗೋಡೆಯ ಬಿಳಿ ಉಪ್ಪು: ನಮ್ಮ ತಿಳಿವಳಿಕೆ ಬೆಳೆದು ಬಂದ ಬಗೆ

ಇಟ್ಟಿಗೆ ಗೋಡೆಯಲ್ಲಿ ಬಿಳಿ ಪುಡಿ ಕಂಡರೆ ಸಾಕು, ವಾಟರ್‌ಪ್ರೂಫ್ ಬಣ್ಣ ಬಳಿಸಿಬಿಡುವುದು ಈಗ ಬೆಂಗಳೂರಿನಲ್ಲಿ ರೂಢಿಯಾಗಿದೆ. ಬಣ್ಣ ಬಳಿದ ಗೋಡೆ ಎರಡು ಮಳೆಗಾಲ ಚೆನ್ನಾಗಿರುತ್ತದೆ. ಆಮೇಲೆ ಇಟ್ಟಿಗೆಯ ಮುಖವೇ ಚಕ್ಕೆ ಚಕ್ಕೆಯಾಗಿ ಉದುರತೊಡಗುತ್ತದೆ. ಹೀಗೇಕೆ ಆಗುತ್ತದೆಂಬುದು ಈ ಕ್ಷೇತ್ರದಲ್ಲಿ ಗೊತ್ತಾಗಿ ನಾಲ್ಕು ದಶಕಗಳಾದರೂ ಆ ತಿಳಿವಳಿಕೆ ಗೋಡೆ ಕಟ್ಟುವವರನ್ನು ತಲುಪಿಲ್ಲ.

ಭೂಮಿಯಿಂದ ಒಸರುವ ಉಪ್ಪು ಈಜಿಪ್ಟಿನ ಪಿರಮಿಡ್ಡುಗಳನ್ನೂ ತಿನ್ನುತ್ತಿದೆ ಎಂದು ಹೆರೊಡೋಟಸ್ ಬರೆದಿದ್ದ. ಅಲ್ಲಿಂದ ಇಪ್ಪತ್ತನೆಯ ಶತಮಾನದವರೆಗೆ ಹೇಳಿಕೊಳ್ಳುವಂಥ ಪ್ರಗತಿ ಹೆಚ್ಚೇನೂ ಇಲ್ಲ. ಆಮೇಲೆ ಬಂದದ್ದು ಮಾನಕಗಳ ಕಾಲ. ನಮ್ಮ ಐಎಸ್ 3495ರ ಮೂರನೆಯ ಭಾಗದ ಪರೀಕ್ಷೆ ಸರಳವಾಗಿದೆ. ತಟ್ಟೆಯಲ್ಲಿ 25 ಮಿ.ಮೀ. ಆಳಕ್ಕೆ ಭಟ್ಟಿ ಇಳಿಸಿದ ನೀರು ಹಾಕಿ ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ನೀರು ಪೂರ್ತಿ ಹೀರಿ ಆರಿದ ಮೇಲೆ ಅಷ್ಟೇ ನೀರನ್ನು ಇನ್ನೊಮ್ಮೆ ಹಾಕಿ ಆರಲು ಬಿಡುತ್ತಾರೆ. ಬಿಳಿ ಪದರ ಹತ್ತನೇ ಒಂದು ಭಾಗ ಮೀರದಿದ್ದರೆ ಅಲ್ಪ, ಅರ್ಧದವರೆಗೆ ಹರಡಿದ್ದರೆ ಮಧ್ಯಮ. ಒಳ್ಳೆಯ ಪರೀಕ್ಷೆಯೇ. ಆದರೆ ಇದು ಇಟ್ಟಿಗೆಯ ಉಪ್ಪನ್ನಷ್ಟೇ ಅಳೆಯುತ್ತದೆ. ಗಾರೆ, ಬೋರ್‌ವೆಲ್ ನೀರು, ಪಾಯದ ಮಣ್ಣು ಇವುಗಳ ಲೆಕ್ಕ ಇದರಲ್ಲಿಲ್ಲ.

ನಿಜವಾದ ತಿರುವು 1980ರ ದಶಕದ್ದು. ಉಪ್ಪು ಎಲ್ಲಿ ಹರಳುಗಟ್ಟುತ್ತದೆ ಎಂಬುದನ್ನು ನೀರಿನ ಓಟವೇ ತೀರ್ಮಾನಿಸುತ್ತದೆ ಎಂದು ಎಸ್.ಝಡ್. ಲೆವಿನ್ 1982ರಲ್ಲಿ ವಿವರಿಸಿದರು. ಒಳಗಿನಿಂದ ಬರುವ ನೀರು ಮೇಲ್ಮೈಯವರೆಗೂ ತಲುಪಿ ಆರಿದರೆ ಉಪ್ಪು ಹೊರಗೆ ಪುಡಿಯಾಗಿ ಕಾಣುತ್ತದೆ. ಅದು ನೋಡಲು ಅಸಹ್ಯವಾದರೂ ಗೋಡೆಗೆ ಹೆಚ್ಚಿನ ಹಾನಿ ಇಲ್ಲ. ತಲುಪುವ ಮೊದಲೇ ಆರಿದರೆ ಚರ್ಮದ ಹಿಂದೆಯೇ ಹರಳು ಬೆಳೆದು ಇಟ್ಟಿಗೆಯನ್ನು ಸೀಳುತ್ತದೆ. ಸೋಡಿಯಂ ಸಲ್ಫೇಟ್ ಇದ್ದಲ್ಲಿ ಕಾಟ ಇನ್ನೂ ಹೆಚ್ಚು. ಅದು ನೀರು ಹಿಡಿದು ಹರಳಾದಾಗ ಮೂರು ಪಟ್ಟಿಗೂ ಮೀರಿ ಉಬ್ಬುತ್ತದೆ. ವಾಟರ್‌ಪ್ರೂಫ್ ಬಣ್ಣ ಮಾಡುವುದು ಇದನ್ನೇ, ಆರುವ ಜಾಗವನ್ನು ಒಳಕ್ಕೆ ತಳ್ಳುತ್ತದೆ. ಮೊಹೆಂಜೊದಾರೋದ ಸಂರಕ್ಷಕರು ಬೇರೆ ದಾರಿ ಹಿಡಿದರು. ಗೋಡೆಗೆ ಮಣ್ಣು ಮೆತ್ತಿ ಉಪ್ಪನ್ನು ಆ ಮಣ್ಣಿಗೆ ಇಳಿಯಗೊಟ್ಟು, ಮಣ್ಣನ್ನೇ ತೆಗೆದು ಬದಲಿಸಿದರು. ನನ್ನ ತಲೆಮಾರು ಸುಣ್ಣದ ಗಾರೆಯ ಕಡೆ ಮರಳಿದ್ದೂ ಇದೇ ತತ್ವದ ಮೇಲೆ. ಗಾರೆ ಇಟ್ಟಿಗೆಗಿಂತ ಮೆತ್ತಗಿದ್ದರೆ ಉಪ್ಪು ಗಾರೆಯ ಮೂಲಕ ಹೊರಬೀಳುತ್ತದೆ, ಕೆಟ್ಟರೂ ಗಾರೆ ಕೆಡುತ್ತದೆ.

ಬೆಂಗಳೂರಿನ ಒಂದು ಮನೆಯ ವೈರ್‌ಕಟ್ ಇಟ್ಟಿಗೆಯ ಗೋಡೆಯನ್ನು ನೋಡಿದ್ದೆ. ಪ್ರತಿ ವರ್ಷ ಮಳೆ ನಿಂತು ಒಣಗಾಳಿ ಶುರುವಾದೊಡನೆ ನೆಲದಿಂದ ಮೂರಡಿವರೆಗೆ ಬಿಳಿ ಪಟ್ಟಿ. ಮನೆಯವರು ಪ್ರತಿ ಸಲ ಪೈಪ್ ಹಿಡಿದು ತೊಳೆಯುತ್ತಿದ್ದರು, ಹದಿನೈದು ದಿನದಲ್ಲಿ ಅದು ಮತ್ತೆ ಹಾಜರು. ಹನಿ ನೀರು ಹಾಕಿದಾಗ ಪುಡಿ ಕರಗಿತು, ಅಂದರೆ ಕರಗುವ ಉಪ್ಪು. ಕರಗದೆ ಆಸಿಡ್ ಹನಿಗೆ ಬುರುಗು ಬಂದಿದ್ದರೆ ಸುಣ್ಣದ ಕಲೆ ಎಂದು ತಿಳಿಯಬೇಕಿತ್ತು. ಹೊಸ ಮನೆಯ ಗೋಡೆಯಿಡೀ ಬೆಳ್ಳಗಾಗಿ ವರ್ಷ ವರ್ಷ ಕಡಿಮೆಯಾದರೆ ಅದು ಕಟ್ಟುವಾಗಿನ ನೀರಿನ ಉಪ್ಪು. ಇಲ್ಲಿ ಕೆಳಗೆ ಮಾತ್ರ, ಅದೂ ವರ್ಷಾ ವರ್ಷ ಬರುತ್ತಿದ್ದುದರಿಂದ ನೀರು ನೆಲದಿಂದಲೇ ಏರುತ್ತಿತ್ತು. ಗೋಡೆಗೆ ತಾಗಿಸಿ ಮಾಡಿದ್ದ ಹೂಪಾತಿಯ ಮಣ್ಣು ಡಿಪಿಸಿಯನ್ನು ದಾಟಿ ಮೇಲೆ ನಿಂತಿತ್ತು.

ಮೊದಲು ಆ ಮಣ್ಣನ್ನು ಡಿಪಿಸಿಗಿಂತ ಅರ್ಧ ಅಡಿ ಕೆಳಕ್ಕೆ ಇಳಿಸಿದೆವು. ಒಂದು ಬೇಸಿಗೆ ಗೋಡೆಯನ್ನು ಆರಲು ಬಿಟ್ಟು, ಪುಡಿಯನ್ನು ನಾರಿನ ಬ್ರಷ್‌ನಿಂದ ಒಣಗಿದ್ದಾಗಲೇ ತಿಕ್ಕಿ, ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯಲ್ಲಿ ಹಿಡಿದು ಹೊರಹಾಕಿದೆವು. ನೀರಿನಿಂದ ತೊಳೆದರೆ ಉಪ್ಪು ಕರಗಿ ಇಟ್ಟಿಗೆಯೊಳಗೇ ಮರಳುತ್ತದೆ. ಹಟ ಹಿಡಿದ ಜಾಗಕ್ಕೆ ಮಳೆನೀರಿನಲ್ಲಿ ನೆನೆಸಿದ ಕಾಗದದ ಹಿಟ್ಟನ್ನು ಬೆರಳು ದಪ್ಪ ಮೆತ್ತಿ, ಒಣಗಿ ಬಿರಿಯುವವರೆಗೆ ಬಿಟ್ಟು ತೆಗೆದೆವು. ಮೂರನೆಯ ಸಲ ತೆಗೆದ ಹಿಟ್ಟಿನಲ್ಲಿ ಬಿಳಿ ಕಾಣಲಿಲ್ಲ. ಆಸಿಡ್ ಮುಟ್ಟಲಿಲ್ಲ. ಅದು ಸುಣ್ಣದ ಕಲೆಗೆ ಮಾತ್ರ, ಅದೂ ಗೋಡೆಯನ್ನು ಚೆನ್ನಾಗಿ ನೆನೆಸಿದ ಮೇಲೆ, ತೀರ ತೆಳುವಾಗಿ. ಇಲ್ಲದಿದ್ದರೆ ಆಸಿಡ್ ತಾನೇ ಹೊಸ ಉಪ್ಪನ್ನು ಗೋಡೆಗೆ ತುಂಬುತ್ತದೆ.

ಐಎಸ್ 456 ಕಾಂಕ್ರೀಟಿನ ನೀರಿನಲ್ಲಿ ಸಲ್ಫೇಟ್ ಲೀಟರಿಗೆ 400 ಮಿ.ಗ್ರಾಂ. ಮೀರಬಾರದೆನ್ನುತ್ತದೆ. ಇಟ್ಟಿಗೆ ಗೋಡೆಗೆ ಸುರಿಯುವ ಬೋರ್‌ವೆಲ್ ನೀರನ್ನು ಮನೆ ಕಟ್ಟುವ ಜಾಗಗಳಲ್ಲಿ ಪರೀಕ್ಷೆ ಮಾಡಿಸಿದವರನ್ನು ನಾನು ಕಂಡದ್ದು ಬಹಳ ಅಪರೂಪ. ಇಟ್ಟಿಗೆ ಲೋಡ್ ಇಳಿಸುವ ಮೊದಲು ಕೆಲವನ್ನು ತರಿಸಿ ಅದೇ ತಟ್ಟೆಯ ಪರೀಕ್ಷೆಯನ್ನು ಒಮ್ಮೆ ಮಳೆನೀರಿನಲ್ಲಿ, ಇನ್ನೊಮ್ಮೆ ನೀವು ಕಟ್ಟಲು ಬಳಸುವ ನೀರಿನಲ್ಲಿ ಮಾಡಿ ನೋಡಿ. ಎರಡನೆಯದರಲ್ಲಿ ಮಾತ್ರ ಬಿಳಿ ಹೆಚ್ಚಿದ್ದರೆ ಇಟ್ಟಿಗೆಯನ್ನಲ್ಲ, ನೀರನ್ನು ಬದಲಿಸಿ.